ಕಸದಬುಟ್ಟಿ ನಿಮ್ಮದು, ಫೋಟೊ ಗೆಳೆಯನದು

ಹಳೇ ಪೋಸ್ಟ್‌ಗಳನ್ನು ರಾಶಿಗಟ್ಟಲೆ ಅಳಿಸುವ ಟೂಲ್ ಕೈಗೆ ಬಂದಮೇಲೆ ನಮ್ಮವರಿಗೆ ಒಂದು ಭ್ರಮೆ ಹತ್ತಿಕೊಂಡಿದೆ. ಕೆಲಸ ಬದಲಿಸುವ ಮುಂಚೆ, ಮದುವೆ ಮಾತುಕತೆಗೆ ಮುಂಚೆ, ಒಂದು ಭಾನುವಾರ ಕೂತು ಕ್ಲೀನ್ ಮಾಡಿದರೆ ಹದಿನೈದು ವರ್ಷದ ಮಂಗಾಟವೆಲ್ಲ ಮಾಯವಂತೆ. ಮಾಯವಾಗೋದು ನಿಜ, ನಿಮ್ಮ ಗೋಡೆಯಿಂದ ಮಾತ್ರ.

ಫೇಸ್‌ಬುಕ್ 2020ರ ಜೂನ್‌ನಲ್ಲಿ 'ಮ್ಯಾನೇಜ್ ಆಕ್ಟಿವಿಟಿ' ಕೊಟ್ಟಿತು. ಅದರಲ್ಲಿ ಎರಡು ದಾರಿ. 'ಆರ್ಕೈವ್' ಒತ್ತಿದರೆ ಪೋಸ್ಟ್ ಬೇರೆಯವರಿಗೆ ಕಾಣಿಸೋದಿಲ್ಲ, ಆದರೆ ಎಲ್ಲಿಗೂ ಹೋಗಿರೋದಿಲ್ಲ. 'ಟ್ರ್ಯಾಶ್' ಒತ್ತಿದರೆ 30 ದಿನ ಕಸದಬುಟ್ಟಿಯಲ್ಲಿದ್ದು ಆಮೇಲೆ ಅಳಿಯುತ್ತದೆ. ಅರ್ಧ ಜನ ಮೊದಲನೆಯದನ್ನು ಒತ್ತಿ ಎರಡನೆಯದರ ನೆಮ್ಮದಿ ಪಡೀತಾರೆ.

ಒಂದು ಉದಾಹರಣೆ ತಗೊಳ್ಳಿ. 2011ರಲ್ಲಿ ಕಾಲೇಜು ಟ್ರಿಪ್‌ಗೆ ಹೋಗಿದ್ರಿ. ಲೆಕ್ಚರರ್ ಬಗ್ಗೆ ಒಂದು ಕೊಳಕು ಜೋಕ್ ಹಾಕಿದ್ರಿ. ಗೆಳೆಯ ಬಾಟಲಿ ಹಿಡಿದ ನಿಮ್ಮ ಫೋಟೊ ಏರಿಸಿ ನಿಮ್ಮನ್ನು ಟ್ಯಾಗ್ ಮಾಡಿದ. ಈಗ ಆಕ್ಟಿವಿಟಿ ಲಾಗ್‌ನಲ್ಲಿ 2011 ಅಂತ ಫಿಲ್ಟರ್ ಹಾಕಿ ಜೋಕನ್ನು ಟ್ರ್ಯಾಶ್‌ಗೆ ತಳ್ಳುತ್ತೀರಿ. ಕಾಮೆಂಟು, ಲೈಕುಗಳ ಪಟ್ಟಿ ಬೇರೆ ಕಡೆ ಇರುತ್ತೆ, ಅಲ್ಲಿಗೂ ಹೋಗಿ ತೆಗೀಬೇಕು. ಜೋಕನ್ನು ಯಾರಾದರೂ ಶೇರ್ ಮಾಡಿದ್ದರೆ ಆ ಶೇರ್ ಖಾಲಿಯಾಗುತ್ತೆ. ಆದರೆ ಯಾರೋ ಕಾಪಿ ಮಾಡಿ ತಮ್ಮ ಗೋಡೆಗೆ ಅಂಟಿಸಿದ್ದರೆ, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಬಿಟ್ಟಿದ್ದರೆ, ಅದು ನಿಮ್ಮ ಲಾಗ್‌ನಲ್ಲೇ ಇಲ್ಲ. ಲಾಗ್‌ನಲ್ಲಿ ಇಲ್ಲದ್ದನ್ನು ಟೂಲ್ ಹೇಗೆ ಅಳಿಸೀತು?

ಇನ್ನು ಆ ಫೋಟೊ. ಟ್ಯಾಗ್ ಕಿತ್ತರೆ ನಿಮ್ಮ ಪ್ರೊಫೈಲ್‌ಗಿದ್ದ ಕೊಂಡಿ ಹೋಗುತ್ತೆ, ಫೋಟೊ ಹೋಗಲ್ಲ. ಕೆಳಗೆ ಯಾರೋ ನಿಮ್ಮ ಹೆಸರು ಹಿಡಿದು ಬರೆದ "ಮಗಾ, ಎಷ್ಟನೇ ಬಾಟಲಿ?" ಕೂಡ ಅಲ್ಲೇ. ಗೆಳೆಯನಿಗೇ ಫೋನ್ ಮಾಡಿ ತೆಗೆಸಬೇಕು. ಅವನೀಗ ನಿಮ್ಮ ಜೊತೆ ಮಾತಾಡ್ತಿದ್ದಾನೋ ಇಲ್ವೋ, ಅದು ಬೇರೆ ಕಥೆ.

ನನ್ನ ತಕರಾರು ಇಲ್ಲೇ. ನಾಚಿಕೆ ತರಿಸುವ ಸಾಮಾನು ಹೆಚ್ಚಾಗಿ ಇರೋದು ಬೇರೆಯವರ ಆಲ್ಬಮ್‌ನಲ್ಲಿ. ಟೂಲ್ ಗುಡಿಸೋದು ನಿಮ್ಮ ಅಂಗಳವನ್ನು. ಮುಖ ಗುರುತಿಸಿ "ಇವರನ್ನು ಟ್ಯಾಗ್ ಮಾಡಿ" ಅಂತ ವರ್ಷಗಟ್ಟಲೆ ಗೆಳೆಯರನ್ನು ಹುರಿದುಂಬಿಸಿದ್ದು ಇದೇ ಕಂಪನಿ. ಗುಡಿಸುವ ಹೊತ್ತಿಗೆ ಪೊರಕೆ ನಿಮ್ಮ ಕೈಗೆ. ನೀವು ನೋಡಿದ ಶಾಪಿಂಗ್ ಸೈಟುಗಳು ಅದಕ್ಕೆ ಕಳಿಸಿದ ಮಾಹಿತಿಯನ್ನು ಈ ಪೊರಕೆ ಮುಟ್ಟುವುದೇ ಇಲ್ಲ. ಅದಕ್ಕೆ ಬೇರೆ ಸೆಟ್ಟಿಂಗ್. ಅಲ್ಲಿ 'ಕ್ಲಿಯರ್' ಒತ್ತಿದರೂ ಆಗೋದು ನಿಮ್ಮ ಖಾತೆಯಿಂದ ಬೇರ್ಪಡಿಸುವುದಷ್ಟೇ.

ಕಾನೂನು ಇದೆಯಲ್ಲ ಅಂತೀರಾ? ಇದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಆದರೆ ಒಬ್ಬ ವ್ಯಕ್ತಿ ಸ್ವಂತಕ್ಕೆ, ಮನೆಮಟ್ಟಿಗೆ ಬಳಸುವ ದತ್ತಾಂಶಕ್ಕೆ ಆ ಕಾಯ್ದೆಯೇ ಅನ್ವಯಿಸದು. ನೀವಾಗಿಯೇ ಸಾರ್ವಜನಿಕವಾಗಿ ಹಾಕಿದ್ದಕ್ಕೂ ಇಲ್ಲ. ಅಂದರೆ ಆ ಜೋಕನ್ನು ಅವತ್ತು 'ಪಬ್ಲಿಕ್' ಅಂತ ಹಾಕಿದ್ದರೆ, ಕಾಯ್ದೆ ಹಿಡಿದು ಹೋದರೂ ನಿಮಗೆ ಬಾಗಿಲು ತೆರೆಯೋದು ಕಷ್ಟ.