ಪಾದರಕ್ಷೆಯ ಅಳತೆ

ಪಾದವನ್ನು ರಕ್ಷಿಸುವುದು ಯಾವುದೋ ಅದು ಪಾದರಕ್ಷೆ. ಹೆಸರೇನೋ ಸಾರ್ಥಕವಾದುದೇ, ಆದರೆ ಮಧುಮೇಹವುಳ್ಳವರ ಕಾಲಿನಲ್ಲಿ ಅದು ಪಾದಭಕ್ಷಕವಾಗುವುದೂ ಉಂಟು. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೇ ಪ್ರಮೇಹದ ಪೂರ್ವರೂಪಗಳೊಳಗೆ ಕೈಕಾಲುಗಳ ಉರಿಯನ್ನೂ ಜೋಮನ್ನೂ ಎಣಿಸಿದ್ದಾರೆ. ಬಹುಕಾಲ ಈ ರೋಗವಿದ್ದವರ ಅಂಗಾಲಿನಲ್ಲಿ ಸ್ಪರ್ಶಜ್ಞಾನವು ಕ್ರಮಕ್ರಮವಾಗಿ ಕುಗ್ಗುತ್ತದೆ. ನಮ್ಮ ನಿಮ್ಮಂಥವರನ್ನು ಜೋಡು ಕಚ್ಚಿದರೆ ಆ ಕ್ಷಣವೇ ಕಳಚಿಡುವೆವು. ಅವರಿಗಾದರೋ ಬೊಬ್ಬೆ ಬಂದು ಒಡೆದು ಹುಣ್ಣಾಗುವವರೆಗೂ ತಿಳಿಯದು. ಇನ್ನೊಂದು ವಿಪರ್ಯಾಸವನ್ನು ಕೇಳಿರಿ. ಜೋಮುಗಾಲಿನವರಿಗೆ ಸರಿಯಾದ ಅಳತೆಯ ಜೋಡು ಸಡಿಲವೆಂದು ತೋರುತ್ತದೆ, ಬಿಗಿಯಾದುದೇ ಹಿತವೆನಿಸುತ್ತದೆ. ಆದಕಾರಣ "ಹಾಕಿಕೊಂಡು ನೋಡಿ, ಹಿತವಾಗಿದೆಯೆ?" ಎಂಬ ಅಂಗಡಿಯ ಪರೀಕ್ಷೆಯು ಇವರ ವಿಷಯದಲ್ಲಿ ನಿಷ್ಪ್ರಯೋಜಕ. ಅಳೆದೇ ಕೊಳ್ಳತಕ್ಕದ್ದು.

ನಮ್ಮ ನೆರೆಮನೆಯ ತಾಯಿಯವರಿಗೆ ಅರವತ್ತನಾಲ್ಕು ವಯಸ್ಸು. ಮಧುಮೇಹವು ಹದಿನಾಲ್ಕು ವರ್ಷಗಳದು. ಅವರ ಮಗನು ಮಾತೃಭಕ್ತಿಯಿಂದ ಒಂದೇ ದಿನ ಮೂರು ವಸ್ತುಗಳನ್ನು ಕೊಂಡು ತಂದನು: ಮಂಡಿನೋವಿಗೆ ನೀ-ಕ್ಯಾಪ್ ಎಂಬ ಮಂಡಿಪಟ್ಟಿ, ಕಾಲಿನ ಬಾವಿಗೆ ಒತ್ತಿ ಹಿಡಿಯುವ ಕಾಲುಚೀಲ, ಅಟ್ಟೆಯ ತುಂಬ ಮೊಳೆಯಂಥ ಗುಬುಟುಗಳಿದ್ದ ಅಕ್ಯುಪ್ರೆಷರ್ ಚಪ್ಪಲಿ. ಈ ಚಪ್ಪಲಿಯ ಪೆಟ್ಟಿಗೆಯ ಮೇಲೆ ರಕ್ತಸಂಚಾರವು ವೃದ್ಧಿಯಾಗುವುದೆಂದೂ ಸಕ್ಕರೆಯು ಇಳಿಯುವುದೆಂದೂ ಅಚ್ಚಾಗಿದ್ದಿತು. ಸಕ್ಕರೆಯು ಇಳಿಯುವುದು ಪಥ್ಯದಿಂದ, ಔಷಧದಿಂದ, ನಡಿಗೆಯಿಂದ; ರಬ್ಬರಿನ ಗುಬುಟಿನಿಂದಲ್ಲ. ವೈದ್ಯರು ಹತ್ತು ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಆಕೆಯ ಹೆಬ್ಬೆರಳಿಗೂ ಅಂಗಾಲಿನ ಮುಂಭಾಗಕ್ಕೂ ಮುಟ್ಟಿಸಿ ನೋಡಿದರು. ಆಕೆಗೆ ತಿಳಿಯಲಿಲ್ಲ. ಅಂಥ ಪಾದಕ್ಕೆ ಆ ಗುಬುಟುಗಳು ಹೆಜ್ಜೆಹೆಜ್ಜೆಗೂ ಒಂದೇ ಎಡೆಯಲ್ಲಿ ಒತ್ತುವ ಕಲ್ಲುಗಳೇ ಸರಿ.

ಬಳಿಕ ಅಳತೆಯನ್ನು ಹೀಗೆ ತೆಗೆದೆವು. ಪಾದವು ಸಂಜೆಯ ಹೊತ್ತಿಗೆ ಕೊಂಚ ಉಬ್ಬುವುದರಿಂದ ಸಂಜೆಯಲ್ಲಿ ಆಕೆಯನ್ನು ಕಾಗದದ ಮೇಲೆ ನಿಲ್ಲಿಸಿ ಎರಡು ಪಾದಗಳ ಸುತ್ತಲೂ ಗೆರೆ ಎಳೆದೆವು. ಕುಳಿತಾಗ ಅಳೆದರೆ ಪಾದವು ಚಿಕ್ಕದಾಗಿ ತೋರುವುದು. ಎಡಗಾಲು 23.6 ಸೆಂಟಿಮೀಟರ್, ಬಲಗಾಲು 24.1, ದೊಡ್ಡದನ್ನೇ ಪ್ರಮಾಣವಾಗಿ ಹಿಡಿದು, ಉದ್ದವಾದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಎಡೆ ಬಿಟ್ಟೆವು. ಗೆರೆಯ ಮೇಲೆ ಕಾಗದವನ್ನು ಕತ್ತರಿಸಿ ಜೋಡಿನೊಳಗಿಟ್ಟಾಗ ಅದು ಎಲ್ಲಿಯೂ ಮಡಿಯಬಾರದು, ಅಂಚಿನಿಂದ ಹೊರಚಾಚಲೂ ಬಾರದು. ಆರಿಸಿದ್ದು ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಒಳಹಾಸುಳ್ಳದ್ದು. ಇದೇ ಬಗೆಯ ಜೋಮುಗಾಲಿನ ಕುಷ್ಠರೋಗಿಗಳಿಗಾಗಿ ಇದನ್ನು ಬಹುಕಾಲದಿಂದ ಉಪಯೋಗಿಸಿದ್ದಾರೆ. ಒಳಹಾಸನ್ನು ಹೆಬ್ಬೆರಳಿನಿಂದ ಒತ್ತಿಬಿಟ್ಟರೆ ಅದು ಮತ್ತೆ ಮೇಲೇಳಬೇಕು. ಕುಳಿ ಹಾಗೆಯೇ ನಿಂತರೆ ಅದು ಸವೆದುದೆಂದು ತಿಳಿಯತಕ್ಕದ್ದು. ಕೆಳಗಿನ ಅಟ್ಟೆಯಾದರೋ ಮುಳ್ಳು ನಾಟದಷ್ಟು ಗಟ್ಟಿಯಾಗಿರಬೇಕು. ಬೆರಳ ಸಂದಿನ ಉಂಗುಟ ಬೇಡ. ಹಿಮ್ಮಡಿಯ ಹಿಂದೆ ಪಟ್ಟಿ ಇರಲೇಬೇಕು. ಇಲ್ಲವಾದರೆ ಚಪ್ಪಲಿ ಕಳಚಿಬಿದ್ದುದೂ ಇವರಿಗೆ ಅರಿವಾಗದು.

ಮೊದಲ ದಿನ ಒಂದು ಗಂಟೆ ಮಾತ್ರ ಮೆಟ್ಟಿಸಿ ಪಾದವನ್ನು ನೋಡಿದೆವು. ಕಿರುಬೆರಳಿನ ಬುಡದಲ್ಲಿ ಒಂದು ಕೆಂಪು ಗುರುತು. ಅರ್ಧ ಗಂಟೆಯಾದರೂ ಅದು ಮಾಸಲಿಲ್ಲ; ಅಲ್ಲಿ ಒತ್ತಡವುಂಟೆಂಬುದಕ್ಕೆ ಅದೇ ಸಾಕ್ಷಿ. ಮೋಚಿಯು ಮೇಲಿನ ಪಟ್ಟಿಯನ್ನು ಸಡಲಿಸಿ ಹೊಲಿದ ಮೇಲೆ ಗುರುತು ಮತ್ತೆ ಬರಲಿಲ್ಲ. ಪಾದದ ಆಕಾರವೇ ಕೆಟ್ಟವರು, ಹುಣ್ಣಿರುವವರು, ಒಂದು ಪಾದ ಬಿಸಿಯಾಗಿ ಊದಿರುವವರು ಅಂಗಡಿಗೆ ಹೋಗದೆ ನೇರವಾಗಿ ವೈದ್ಯರಲ್ಲಿಗೆ ಹೋಗತಕ್ಕದ್ದು.

ಕಾಲುಚೀಲದ ವಿಷಯವು ಇದಕ್ಕಿಂತ ಸೂಕ್ಷ್ಮ. ಅದು ಹರಡಿನ ಬಳಿ ಬಿಗಿಯಾಗಿಯೂ ಮೇಲೇರಿದಂತೆ ಸಡಿಲವಾಗಿಯೂ ಇದ್ದು, ಅಶುದ್ಧ ರಕ್ತವು ಕೆಳಗೆ ನಿಲ್ಲದಂತೆ ಮಾಡುತ್ತದೆ. ಉಬ್ಬಿದ ಸಿರೆಗಳವರಿಗೆ ಹಿತಕರ. ಆದರೆ ಶುದ್ಧ ರಕ್ತವನ್ನು ತರುವ ಧಮನಿಯೇ ಕಿರಿದಾಗಿದ್ದರೆ, ಬರುವ ಅಲ್ಪ ರಕ್ತವನ್ನೂ ಈ ಚೀಲವು ಹಿಸುಕುವುದು. ಆ ತಾಯಿಯ ಪಾದದ ಮೇಲ್ಭಾಗದಲ್ಲಿ ನಾಡಿ ಸಿಕ್ಕದಿರಲು, ವೈದ್ಯರು ಚೀಲವನ್ನು ತೆಗೆದಿಡಿಸಿ ರಕ್ತಪರಿಚಲನೆಯ ಪರೀಕ್ಷೆಗೆ ಕಳುಹಿಸಿದರು. ಹರಡಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸುವುದು ವಾಡಿಕೆ. ಮಧುಮೇಹದಲ್ಲಿ ಧಮನಿಯ ಗೋಡೆ ಗಡುಸಾಗಿ ಈ ಲೆಕ್ಕವು ಸುಳ್ಳಾಗಿ ಹೆಚ್ಚು ತೋರುವುದುಂಟಾದುದರಿಂದ, ಕಾಲ್ಬೆರಳಿನ ಒತ್ತಡವನ್ನೂ ನೋಡುತ್ತಾರೆ. ವೈದ್ಯರು ಒಪ್ಪಿ ಇಷ್ಟು ಒತ್ತಡದ್ದೆಂದು ಬರೆದುಕೊಟ್ಟರೆ ಮಾತ್ರ ಕೊಳ್ಳಬೇಕು. ಇದರ ಅಳತೆಯು ಪಾದರಕ್ಷೆಗೆ ತದ್ವಿರುದ್ಧ: ಬೆಳಗ್ಗೆ ಎದ್ದೊಡನೆ, ಬಾವು ಏರುವ ಮುನ್ನ, ಹರಡಿನ ಮೇಲಿನ ಅತಿ ಸಣ್ಣ ಭಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಭಾಗದ್ದು, ಹಿಮ್ಮಡಿಯಿಂದ ಮಂಡಿಯ ಕೆಳಗಿನವರೆಗಿನ ಉದ್ದ. ಉದ್ದ ಹೆಚ್ಚಾಯಿತೆಂದು ಮೇಲಂಚನ್ನು ಮಡಿಸಿದರೆ ಅದು ಕಾಲಿಗೆ ಕಟ್ಟಿದ ಹಗ್ಗವಾಗುವುದು.

ಮಂಡಿಪಟ್ಟಿಯೊಂದನ್ನು ಆಕೆ ಉಳಿಸಿಕೊಂಡರು. ಸವೆದ ಮೃದ್ವಸ್ಥಿಯನ್ನು ಅದು ಬೆಳೆಯಿಸಲಾರದು. ಬೆಚ್ಚಗಿಟ್ಟು ಕೊಂಚ ಆಸರೆ ಕೊಡುವುದರಿಂದ ನಡೆಯುವಾಗ ನೋವು ತಗ್ಗೀತು, ಅಷ್ಟೇ. ಮಂಡಿಯು ಪಕ್ಕಕ್ಕೆ ಜಾರುವವರಿಗೆ ಬರಿಯ ಪಟ್ಟಿ ಸಾಲದು; ಎರಡು ಪಕ್ಕಗಳಲ್ಲಿಯೂ ಕೀಲುಳ್ಳದ್ದು ಬೇಕಾದೀತು. ತೊಡೆಯ ಸುತ್ತಳತೆಯನ್ನು ಪೆಟ್ಟಿಗೆಯ ಮೇಲಿನ ಪಟ್ಟಿಯೊಡನೆ ಸರಿನೋಡಿ, ಕೆಳಗೆ ಕಾಲು ಊದಿದರೆ ದೊಡ್ಡದನ್ನು ತರಿಸಿಕೊಳ್ಳಬೇಕು. ರಾತ್ರಿ ಅದನ್ನು ಕಳಚಿಟ್ಟು, ಮಂಡಿಯ ಹಿಂದಿನ ಚರ್ಮವನ್ನು ದೀಪದ ಬೆಳಕಿನಲ್ಲಿ ಆಕೆಯ ಸೊಸೆ ನೋಡುತ್ತಾಳೆ.