ಉತ್ತರ ಹದಿನಾಲ್ಕು, ಸರಿ, ಹದಿಮೂರು ಯಾಕಾಗದು?

ಕೆಂಗೇರಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಸಂಘದ ಅವಧಿಗೆ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಜಾಲಗಳ ಪಾಠ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ಪಾಠ ಚೆನ್ನಾಗಿಯೇ ಹೋಗುತ್ತಿತ್ತು. ಬಣ್ಣದ ಸೀಮೆಸುಣ್ಣ, ದೊಡ್ಡ ಅಕ್ಷರ, ಮಕ್ಕಳಿಗೆ ಗೊತ್ತಿರುವ ಊರುಗಳ ಹೆಸರು, ಎಲ್ಲವೂ ಇತ್ತು. ಕನಿಷ್ಠ ವೆಚ್ಚ 14 ಎಂದು ಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಾಗ ಮೂರನೆಯ ಸಾಲಿನ ಹುಡುಗಿ ಎದ್ದು, "ಮೇಡಂ, ಹದಿಮೂರು ಬರಲ್ಲ ಅಂತ ಹೇಗೆ ಗೊತ್ತು?" ಎಂದಳು. "ಈ ಕ್ರಮದಲ್ಲಿ ಮಾಡಿದರೆ ಕಡಿಮೆಯೇ ಬರೋದು ಕಣಮ್ಮ" ಎಂಬ ಉತ್ತರ ಬಂತು. ಹುಡುಗಿ ಕುಳಿತಳು. ಆ ಪಾಠಕ್ಕೆ ನಾನೂ ಒಳ್ಳೆಯ ಅಂಕವನ್ನೇ ಕೊಟ್ಟೆ, ಈಗ ಅದಕ್ಕೆ ಮುಜುಗರವಾಗುತ್ತದೆ.

ನನ್ನ ವಾದ ಇಷ್ಟೇ. ಈ ಎರಡು ಲೆಕ್ಕಗಳಲ್ಲಿ, ಅಂದರೆ ಕನಿಷ್ಠ ಸ್ಪ್ಯಾನಿಂಗ್ ಟ್ರೀ ಮತ್ತು ಗರಿಷ್ಠ ಹರಿವಿನಲ್ಲಿ, ಉತ್ತರಕ್ಕಿಂತ ಉತ್ತರದ ಸಾಕ್ಷಿ ಮುಖ್ಯ. ಆ ಸಾಕ್ಷಿ ಚಿಕ್ಕದು, ಹಲಗೆಯ ಒಂದು ಮೂಲೆಯಲ್ಲಿ ಹಿಡಿಯುತ್ತದೆ. ನಾವು ಅದನ್ನು 'ಸಾಧನೆ, ಮುಂದಿನ ತರಗತಿಗೆ' ಎಂದು ಬಿಟ್ಟುಬಿಡುತ್ತಿದ್ದೇವೆ.

ಆ ದಿನದ ಜಾಲವನ್ನೇ ತೆಗೆದುಕೊಳ್ಳೋಣ. ಐದು ಬಿಂದುಗಳು: ಕೆಂಗೇರಿ (ಕ), ಉಪನಗರ (ಉ), ರಾಜರಾಜೇಶ್ವರಿನಗರ (ರ), ನಾಯಂಡಹಳ್ಳಿ (ನ), ನಾಗರಬಾವಿ (ಭ). ಎಲ್ಲವನ್ನೂ ಒಂದೇ ಕೇಬಲ್ ಜಾಲಕ್ಕೆ ಸೇರಿಸಬೇಕು. ವೆಚ್ಚಗಳು ಕ–ಉ 2, ರ–ನ 3, ಉ–ರ 4, ಕ–ರ 5, ನ–ಭ 5, ಉ–ಭ 6. ಇವು ಪಾಠಕ್ಕೆಂದು ಇಟ್ಟ ಅಂಕಿಗಳು, ರಸ್ತೆಯ ಕಿಲೋಮೀಟರುಗಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಸ್ಥಳೀಯ ಮಕ್ಕಳು ದೂರದ ಬಗ್ಗೆ ಜಗಳಕ್ಕೆ ನಿಲ್ಲುತ್ತಾರೆ.

ಕ್ರುಸ್ಕಲ್ 1956ರಲ್ಲಿ ಪ್ರಕಟಿಸಿದ ಕ್ರಮ ಎಲ್ಲರಿಗೂ ಗೊತ್ತು. ಅಗ್ಗದ ಅಂಚಿನಿಂದ ಆರಂಭಿಸಿ, ಸುತ್ತು ಉಂಟಾದರೆ ಬಿಟ್ಟು, ಇಲ್ಲದಿದ್ದರೆ ಸೇರಿಸುತ್ತಾ ಹೋಗುವುದು. ಕ–ಉ ಸೇರಿತು, ರ–ನ ಸೇರಿತು, ಉ–ರ ಸೇರಿತು. ಕ–ರ ಸೇರಿಸಿದರೆ ಕ–ಉ–ರ ಸುತ್ತಾಗುತ್ತದೆ, ಬಿಟ್ಟೆವು. ನ–ಭ ಸೇರಿತು. ಐದು ಬಿಂದುಗಳಿಗೆ ನಾಲ್ಕು ಅಂಚು ಬಂದವು, ಮುಗಿಯಿತು. 2 + 3 + 4 + 5 = 14. ಅಂದಹಾಗೆ ಈ ಸಮಸ್ಯೆ ಹುಟ್ಟಿದ್ದೂ ತಂತಿ ಎಳೆಯುವ ಕೆಲಸದಲ್ಲೇ. 1926ರಲ್ಲಿ ಬೊರೂವ್ಕಾ ಇದನ್ನು ಬಿಡಿಸಿದ್ದು ಮೊರಾವಿಯಾದ ವಿದ್ಯುತ್ ಜಾಲಕ್ಕಾಗಿ.

ಈಗ ಸಾಕ್ಷಿ. ಬಿಟ್ಟ ಅಂಚುಗಳು ಎರಡೇ. ಕ–ರ (5) ಮರದ ಜೊತೆ ಸೇರಿ ಮಾಡುವ ಸುತ್ತಿನಲ್ಲಿ ಉಳಿದ ಅಂಚುಗಳು 2 ಮತ್ತು 4. ಉ–ಭ (6) ಮಾಡುವ ಸುತ್ತಿನಲ್ಲಿ ಉಳಿದವು 4, 3, 5. ಅಂದರೆ ಬಿಟ್ಟ ಪ್ರತಿ ಅಂಚೂ ತನ್ನ ಸುತ್ತಿನಲ್ಲಿ ಅತಿ ದುಬಾರಿ. ಇಷ್ಟು ಬರೆದರೆ ಸಾಕು, 14ಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ.

ಯಾಕೆ ಸಾಕು? ಇಲ್ಲಿ ಪ್ರಶಿಕ್ಷಣಾರ್ಥಿಗಳು ಹೆದರುತ್ತಾರೆ. ಆದರೆ ಮಕ್ಕಳೇ ಮಾಡುವ ಒಂದು ತಪ್ಪನ್ನು ಬಳಸಿಕೊಂಡು ಇದನ್ನು ತೋರಿಸಬಹುದು. ಆ ದಿನವೂ ಇಬ್ಬರು ಹುಡುಗರು ಕೆಂಗೇರಿಯಿಂದ ಪ್ರತಿ ಊರಿಗೂ ಹತ್ತಿರದ ದಾರಿ ಹುಡುಕಿ ಮರ ಕಟ್ಟಿದ್ದರು: ಕ–ಉ, ಕ–ರ, ರ–ನ, ಉ–ಭ. ಮೊತ್ತ 16. ಅವರದ್ದು ತಪ್ಪು ಎಂದು ಅಳಿಸುವ ಬದಲು ಅದನ್ನು ಹಲಗೆಯ ಮೇಲೆ ಉಳಿಸಿಕೊಳ್ಳಬೇಕಿತ್ತು. ಆ ಮರದಲ್ಲಿದ್ದು ನಮ್ಮ ಮರದಲ್ಲಿಲ್ಲದ ಒಂದು ಅಂಚನ್ನು ಕಿತ್ತುಹಾಕಿ, ಕ–ರ ಎನ್ನಿ. ಜಾಲ ಎರಡು ತುಂಡಾಯಿತು: ಒಂದೆಡೆ ಕ, ಉ, ಭ, ಇನ್ನೊಂದೆಡೆ ರ, ನ. ನಮ್ಮ ಮರದಲ್ಲಿ ಕ ಯಿಂದ ರ ಗೆ ಹೋಗುವ ದಾರಿ ಎಲ್ಲೋ ಒಂದು ಕಡೆ ಈ ಬಿರುಕನ್ನು ದಾಟಲೇಬೇಕು. ದಾಟುವುದು ಉ–ರ (4) ಅಂಚಿನಲ್ಲಿ. ಅದು ಕ–ರ ಇರುವ ಸುತ್ತಿನದೇ ಅಂಚು, ಆದ್ದರಿಂದ 5ಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಅದನ್ನು ಹಾಕಿ ಹೊಲಿದರೆ ಮೊತ್ತ 15. ಮುಂದೆ ಉ–ಭ ಕಿತ್ತರೆ ಭ ಒಂಟಿಯಾಗುತ್ತದೆ, ನಮ್ಮ ಮರದ ನ–ಭ (5) ಅದನ್ನು ಸೇರಿಸುತ್ತದೆ, ಮೊತ್ತ 14. ಹುಡುಗರ ಮರ ನಮ್ಮ ಮರವಾಗಿಬಿಟ್ಟಿತು, ದಾರಿಯಲ್ಲಿ ಒಮ್ಮೆಯೂ ವೆಚ್ಚ ಏರಲಿಲ್ಲ. ಯಾರು ಯಾವ ಮರ ತಂದರೂ ಹೀಗೇ ಒಂದೊಂದೇ ಅಂಚು ಬದಲಿಸುತ್ತಾ ನಮ್ಮ ಮರಕ್ಕೆ ಬರಬಹುದು, ಪ್ರತಿ ಬದಲಾವಣೆಯಲ್ಲೂ ಮೊತ್ತ ಇಳಿಯುತ್ತದೆ ಅಥವಾ ಅಷ್ಟೇ ಇರುತ್ತದೆ. ಹದಿಮೂರರ ಮರ ಇದ್ದಿದ್ದರೆ ಅದೂ ಏರದೆ 14ಕ್ಕೆ ಬರಬೇಕಿತ್ತು, ಅದು ಆಗದ ಮಾತು. ಹುಡುಗಿಯ ಪ್ರಶ್ನೆಗೆ ಪೂರ್ತಿ ಉತ್ತರ ಇದು. ಹತ್ತು ನಿಮಿಷದ ಕೆಲಸ.

ಹುಡುಗರ ಮರವೂ ನಿಷ್ಪ್ರಯೋಜಕವಲ್ಲ ಎಂಬುದನ್ನು ಹೇಳಬೇಕು. ನಮ್ಮ ಮರದಲ್ಲಿ ಕೆಂಗೇರಿಯಿಂದ ನಾಗರಬಾವಿಗೆ 2 + 4 + 3 + 5 = 14, ಅವರದ್ದರಲ್ಲಿ 8. ತಂತಿ ಎಳೆಯುವವನಿಗೆ ಒಂದು ಮರ, ಪ್ರಯಾಣಿಕನಿಗೆ ಇನ್ನೊಂದು. ಮತ್ತೆ, ಮರ ಎಂದರೆ ಒಂದು ಅಂಚು ಹೋದರೆ ಜಾಲ ಒಡೆಯಿತು ಎಂದೇ ಅರ್ಥ. 2021ರ ಆಗಸ್ಟ್‌ನಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಗೆ ಬಂದ ನೇರಳೆ ಮೆಟ್ರೊ ಮಾರ್ಗದಲ್ಲಿ ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ, ಪಟ್ಟಣಗೆರೆ ಒಂದೇ ಸರದಲ್ಲಿವೆ. ನಡುವೆ ಒಂದು ಕಡೆ ರೈಲು ನಿಂತರೆ ಸುತ್ತಿ ಹೋಗುವ ಹಳಿ ಇಲ್ಲ. ಕನಿಷ್ಠ ವೆಚ್ಚ ಬೇರೆ, ಒಳ್ಳೆಯ ಜಾಲ ಬೇರೆ.

ಇನ್ನು ಗರಿಷ್ಠ ಹರಿವು. ನಮ್ಮ ಪಾಠ ಯೋಜನೆಗಳು ನಿಜವಾಗಿ ಎಡವುವುದು ಇಲ್ಲಿ, ಹಾಗೂ ಎಡವಿದ್ದು ಗೊತ್ತಾಗುವುದೇ ಇಲ್ಲ. ಕಾರಣ, ಪ್ರಶಿಕ್ಷಣಾರ್ಥಿಗಳು ಆರಿಸಿಕೊಳ್ಳುವ ಜಾಲಗಳು ತೀರಾ ಸಾಧು. ಸಿಕ್ಕ ದಾರಿಯಲ್ಲೆಲ್ಲ ನೀರು ತುಂಬಿಸುತ್ತಾ ಹೋದರೆ ಸರಿ ಉತ್ತರವೇ ಬಂದುಬಿಡುತ್ತದೆ. ಮಕ್ಕಳು 'ತುಂಬಿಸುತ್ತಾ ಹೋಗುವುದೇ ವಿಧಾನ' ಎಂದು ಕಲಿಯುತ್ತಾರೆ. ಅದು ತಪ್ಪು ವಿಧಾನ. ಆದ್ದರಿಂದ ಮೊದಲ ಉದಾಹರಣೆಯೇ ಕೈಕೊಡುವಂಥದ್ದಾಗಿರಲಿ ಎನ್ನುತ್ತೇನೆ.

ತೊಟ್ಟಿ ಮ ದಿಂದ ಬಡಾವಣೆ ಗ ಗೆ ನೀರು ಹೋಗಬೇಕು. ನಡುವೆ ಉ ಮತ್ತು ರ ಎಂಬ ಎರಡು ಕವಲುಗಳು. ಕೊಳವೆಗಳ ಸಾಮರ್ಥ್ಯ: ಮ→ಉ 4, ಮ→ರ 6, ಉ→ರ 3, ಉ→ಗ 5, ರ→ಗ 4. ಬಾಣದ ದಿಕ್ಕಿನಲ್ಲಷ್ಟೇ ನೀರು. ಒಂದು ಮಗು ಮೊದಲು ಉದ್ದದ ದಾರಿ ಹಿಡಿಯಿತು ಎನ್ನಿ: ಮ→ಉ→ರ→ಗ, ಅದರಲ್ಲಿ 3 ಹೋಗುತ್ತದೆ. ಆಮೇಲೆ ಮ→ಉ→ಗ ದಲ್ಲಿ 1, ಅಲ್ಲಿಗೆ ಮ→ಉ ತುಂಬಿತು. ಆಮೇಲೆ ಮ→ರ→ಗ ದಲ್ಲಿ 1, ರ→ಗ ತುಂಬಿತು. ಮೊತ್ತ 5. ಮುಂದೆ ದಾರಿ ಇಲ್ಲ: ಮ→ರ ದಲ್ಲಿ ಇನ್ನೂ 5 ಜಾಗವಿದೆ, ಆದರೆ ರ ದಿಂದ ಹೊರಗೆ ಹೋಗುವ ಕೊಳವೆ ತುಂಬಿದೆ. ಮಗು 5 ಎಂದು ಬರೆದು ಕೈಕಟ್ಟಿ ಕುಳಿತುಕೊಳ್ಳುತ್ತದೆ.

ಸರಿಯುತ್ತರ 8. ಮೊದಲು ಮಾಡಿದ ಆಯ್ಕೆಯನ್ನು ಹಿಂತೆಗೆದುಕೊಳ್ಳಬೇಕು. ಉ→ರ ದಲ್ಲಿ ಕಳಿಸಿದ 3ನ್ನು 'ವಾಪಸ್ಸು' ಕಳಿಸಬಹುದು ಎಂದು ಒಂದು ಹಿಮ್ಮುಖ ಬಾಣ ಬರೆದುಕೊಳ್ಳುತ್ತೇವೆ. ಆಗ ಮ→ರ, ರ ದಿಂದ ಹಿಮ್ಮುಖವಾಗಿ ಉ, ಉ→ಗ ಎಂಬ ದಾರಿ ಸಿಗುತ್ತದೆ. ಮ→ರ ದಲ್ಲಿ 5, ಹಿಮ್ಮುಖದಲ್ಲಿ 3, ಉ→ಗ ದಲ್ಲಿ 4 ಜಾಗ. ಆದ್ದರಿಂದ 3 ಹೋಗುತ್ತದೆ. ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿಯಿತು ಎಂದು ಮಾತ್ರ ದಯವಿಟ್ಟು ಹೇಳಬೇಡಿ, ಮಕ್ಕಳು ಅದನ್ನೇ ಹಿಡಿದುಕೊಳ್ಳುತ್ತಾರೆ. ಉ ದಿಂದ ರ ಗೆ ಹೋಗುತ್ತಿದ್ದ ನೀರನ್ನು ಅಲ್ಲೇ ತಡೆದು ನೇರ ಗ ಗೆ ತಿರುಗಿಸಿದೆವು, ರ ದಲ್ಲಿ ಖಾಲಿಯಾದ ಜಾಗಕ್ಕೆ ಮ ದಿಂದ ಹೊಸ ನೀರು ಬಂತು. ಕೊನೆಯ ಲೆಕ್ಕ: ಮ→ಉ 4, ಮ→ರ 4, ಉ→ರ 0, ಉ→ಗ 4, ರ→ಗ 4. ಒಳಬಂದದ್ದೂ ಹೊರಹೋದದ್ದೂ ಉ ದಲ್ಲಿ 4, ರ ದಲ್ಲಿ 4.

ಒಂಬತ್ತು ಯಾಕಾಗದು? ಈಗಿನ ಸ್ಥಿತಿಯಲ್ಲಿ ಮ ದಿಂದ ಇನ್ನೂ ಎಲ್ಲಿಗೆ ತಲುಪಬಹುದು ನೋಡಿ. ಮ→ರ ದಲ್ಲಿ 2 ಜಾಗವಿದೆ, ರ ತಲುಪಬಹುದು. ರ→ಗ ತುಂಬಿದೆ. ಉ→ರ ದಲ್ಲಿ ಏನೂ ಹರಿಯುತ್ತಿಲ್ಲ, ಹಿಂತೆಗೆಯಲು ಏನೂ ಇಲ್ಲ. ಮ→ಉ ತುಂಬಿದೆ. ಹಾಗಾಗಿ ಮ, ರ ಒಂದು ಕಡೆ, ಉ, ಗ ಇನ್ನೊಂದು ಕಡೆ. ನಡುವೆ ಒಂದು ಗೆರೆ ಎಳೆಯಿರಿ, ಇದೇ ಕಟ್. ಗೆರೆ ದಾಟಿ ಆಚೆ ಹೋಗುವ ಕೊಳವೆಗಳು ಮ→ಉ (4) ಮತ್ತು ರ→ಗ (4). ಯಾರು ಹೇಗೆ ಹರಿಸಿದರೂ ಗ ಗೆ ಸೇರುವ ನೀರೆಲ್ಲ ಈ ಗೆರೆಯನ್ನು ದಾಟಬೇಕು, ದಾಟುವ ಜಾಗ 8. ನಾವು 8 ಹರಿಸಿದ್ದೇವೆ. ಮುಗಿಯಿತು.

ಇಲ್ಲಿ ತಿದ್ದಬೇಕಾದ ತಪ್ಪು ಒಂದೇ, ಅದು ಪ್ರತಿ ತರಗತಿಯಲ್ಲೂ ಬರುತ್ತದೆ. ಮಕ್ಕಳು ಗೆರೆಗೆ ತಾಗಿದ ಎಲ್ಲ ಬಾಣಗಳನ್ನೂ ಕೂಡಿ 4 + 4 + 3 = 11 ಎನ್ನುತ್ತಾರೆ. ಉ→ರ ಆಚೆಯಿಂದ ಈಚೆಗೆ ಬರುವ ಬಾಣ, ಅದು ನೀರನ್ನು ದಾಟಿಸಲು ಸಹಾಯ ಮಾಡುವುದಿಲ್ಲ. ಅದರಲ್ಲಿ ಏನಾದರೂ ಹರಿದರೆ ದಾಟಿದ ನೀರು ಮತ್ತೆ ಈಚೆಗೆ ಬಂದಂತೆ, ನಷ್ಟವೇ. ಗರಿಷ್ಠ ಹರಿವಿನಲ್ಲಿ ಅದು 0 ಆಗಿ ನಿಂತದ್ದು ಆಕಸ್ಮಿಕವಲ್ಲ. ಹರಿವೂ ಕಟ್ಟೂ ಸಮವಾಗಲೇಬೇಕು ಎಂಬುದನ್ನು ಫೋರ್ಡ್ ಮತ್ತು ಫಲ್ಕರ್ಸನ್ 1956ರಲ್ಲಿ ಪ್ರಕಟಿಸಿದರು. ಅದಕ್ಕೆ ಹಿಂದಿನ ವರ್ಷ ಹ್ಯಾರಿಸ್ ಮತ್ತು ರಾಸ್ ಬರೆದ ವರದಿಯ ವಿಷಯ ಸೋವಿಯತ್ ರೈಲು ಜಾಲ. ಅಲ್ಲಿ ಅವರಿಗೆ ಬೇಕಾಗಿದ್ದುದು ಹರಿವಿಗಿಂತ ಹೆಚ್ಚಾಗಿ ಕಟ್, ಎಲ್ಲಿ ಕತ್ತರಿಸಿದರೆ ಸಾಗಾಟ ನಿಲ್ಲುತ್ತದೆ ಎಂಬುದು.

ನಮ್ಮಲ್ಲಿ ಕೆಲವು ಹಿರಿಯ ಸಹೋದ್ಯೋಗಿಗಳು ಇದನ್ನು ಒಪ್ಪುವುದಿಲ್ಲ. ನಲವತ್ತು ನಿಮಿಷದಲ್ಲಿ ಕ್ರಮವನ್ನು ಮುಟ್ಟಿಸುವುದೇ ಕಷ್ಟ, ಸಾಕ್ಷಿಗೆ ಸಮಯವೆಲ್ಲಿ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಎರಡು ಲೆಕ್ಕ ಮಾಡಿಸಿ ಎರಡರ ಸಾಕ್ಷಿಯನ್ನೂ ಬಿಡುವುದಕ್ಕಿಂತ, ಒಂದನ್ನು ಸಾಕ್ಷಿ ಸಮೇತ ಮಾಡಿಸುವುದು ಮೇಲು. ಮೌಲ್ಯಮಾಪನ ಹಾಳೆಯಲ್ಲಿ 'ಸರಿಯಾದ ಉತ್ತರ' ಎಂಬ ಸಾಲಿನ ಪಕ್ಕದಲ್ಲಿ 'ಬಿಟ್ಟ ಅಂಚುಗಳ ಕಾರಣ' ಮತ್ತು 'ಕಟ್' ಎಂಬ ಎರಡು ಸಾಲು ಸೇರಿಸಲು ನಾನು ಕೇಳಿಕೊಂಡಿದ್ದೇನೆ. ಮಕ್ಕಳ ಉತ್ತರ ಪತ್ರಿಕೆಯಲ್ಲೂ ಅಷ್ಟೇ: ಬರೀ 8 ಎಂದು ಬರೆದವನಿಗೆ ಅರ್ಧ ಅಂಕ, ತಪ್ಪಿ 5 ಎಂದು ಬರೆದರೂ ತನಗೆ ಕಟ್ ಸಿಗಲಿಲ್ಲ ಎಂದು ಬರೆದವನಿಗೂ ಅರ್ಧ. ಎರಡನೆಯವನಿಗೆ ತನ್ನ ಲೆಕ್ಕ ಮುಗಿದಿಲ್ಲ ಎಂಬುದಾದರೂ ಗೊತ್ತಿದೆ.

ಮುಂದಿನ ಸರದಿಯಲ್ಲಿ ಈ ಪಾಠ ಮಾಡುವವರಿಗೆ ಒಂದು ಪ್ರಶ್ನೆ ಕೊಡುತ್ತೇನೆ. ಮ→ಉ ಕೊಳವೆಯನ್ನು 4ರಿಂದ 5ಕ್ಕೆ ಹಿಗ್ಗಿಸಿದರೆ ಹರಿವು 9 ಆಗುತ್ತದೆ. 6ಕ್ಕೆ ಹಿಗ್ಗಿಸಿದರೂ 9ರಲ್ಲೇ ನಿಲ್ಲುತ್ತದೆ. ಹಳೆಯ ಗೆರೆ ಆಗ 10ನ್ನು ತೋರಿಸುತ್ತದೆ, ಆದರೆ ಗ ದ ಬಾಗಿಲಲ್ಲಿ ಎಳೆದ ಇನ್ನೊಂದು ಗೆರೆ, 5 + 4, ಅಡ್ಡ ಬರುತ್ತದೆ. ಆ ಹೊಸ ಗೆರೆಯನ್ನು ಮಕ್ಕಳೇ ಹುಡುಕಲಿ. ಸೀಮೆಸುಣ್ಣವನ್ನು ಮೂರನೆಯ ಸಾಲಿನ ಹುಡುಗಿಯ ಕೈಗೆ ಕೊಡಿ.