ಸರಾಸರಿ ಪಾಸಾಯಿತು, ರಸ್ತೆಯ ಏರಿ ಪಾಸಾಯಿತೇನು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬೈಕ್ ಓಡಿಸುವವರಿಗೆ ಈ ಅನುಭವ ಹೊಸದಲ್ಲ. ಸೇತುವೆ ಹತ್ತುವ ಜಾಗದಲ್ಲಿ ಗಾಡಿ ಒಮ್ಮೆ ಧಡ್ ಅನ್ನುತ್ತದೆ. ಸೇತುವೆ ಇದ್ದಲ್ಲೇ ಇರುತ್ತದೆ, ಅದಕ್ಕೆ ಹೊಂದಿಸಿ ಹಾಕಿದ ಮಣ್ಣಿನ ಏರಿ ಕೆಳಗೆ ಕೂತಿರುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಆ ತಗ್ಗಿಗೆ ಇಳಿದು ವಾಲಿದಾಗ ಹಿಂದೆ ಬರುವವರ ಎದೆ ಝಲ್ಲೆನ್ನುತ್ತದೆ. "ಮೊನ್ನೆ ಮಾಡಿದ ರಸ್ತಾರೀ, ಆಗ್ಲೇ ಕೂತೈತಿ ನೋಡ್ರಿ" ಅನ್ನುವ ಮಾತು ಪ್ರತಿ ಊರಿನ ಕಟ್ಟೆಯ ಮೇಲೂ ಕೇಳುತ್ತದೆ. ಕೇಳಲು ಹೋದರೆ ಸಿಗುವ ಉತ್ತರ ಮಾತ್ರ ಒಂದೇ: "ಟೆಸ್ಟ್ ರಿಪೋರ್ಟ್ ಪಾಸ್ ಐತ್ರಿ."

ಆ ರಿಪೋರ್ಟನ್ನು ನಾವೇ ಓದಲು ಕಲಿಯಬೇಕು ಅನ್ನುವುದು ನಮ್ಮ ಅಭಿಪ್ರಾಯ. ಅದರ ಹೆಸರು ಫೀಲ್ಡ್ ಡೆನ್ಸಿಟಿ ಟೆಸ್ಟ್, ಅಂದರೆ ಹಾಕಿದ ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಜಾಗದಲ್ಲೇ ನೋಡುವ ಪರೀಕ್ಷೆ. ಕೂಡಿಸುವುದು, ಭಾಗಿಸುವುದು ಬಂದರೆ ಸಾಕು, ಅದನ್ನು ಓದಬಹುದು.

ಮೊದಲು ಪರೀಕ್ಷೆ ಹೇಗೆ ಮಾಡುತ್ತಾರೆ ನೋಡೋಣ. ರೋಲರ್ ಓಡಿಸಿ ಮುಗಿಸಿದ ಪದರದ ಮೇಲೆ 10 ಸೆಂಟಿಮೀಟರ್ ಅಗಲದ, ಸುಮಾರು 15 ಸೆಂಟಿಮೀಟರ್ ಆಳದ ಒಂದು ಗುಂಡನೆಯ ತಗ್ಗು ತೋಡುತ್ತಾರೆ. ದಪ್ಪ ಗರಸು ಇದ್ದರೆ ತಗ್ಗು ಇನ್ನೂ ದೊಡ್ಡದಿರುತ್ತದೆ. ತೋಡಿದ ಮಣ್ಣನ್ನು ಒಂದು ಕಾಳೂ ಚೆಲ್ಲದಂತೆ ಎತ್ತಿ ತೂಗುತ್ತಾರೆ. ಆಮೇಲೆ ಒಂದೇ ಅಳತೆಯ ಒಣ ಮರಳನ್ನು ಸಿಲಿಂಡರಿನಿಂದ ಆ ತಗ್ಗಿಗೆ ಸುರಿಯುತ್ತಾರೆ. ಎಷ್ಟು ಮರಳು ಹಿಡಿಯಿತು ಅನ್ನುವುದರಿಂದ ತಗ್ಗಿನ ಗಾತ್ರ ಗೊತ್ತಾಗುತ್ತದೆ.

ಒಂದು ಲೆಕ್ಕ ಮಾಡೋಣ. ಇಲ್ಲಿ ಕೊಡುವ ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾವೇ ಹಾಕಿದವು, ಯಾವುದೇ ಊರಿನ ರಸ್ತೆಯವಲ್ಲ. ತಗ್ಗಿಗೆ 1,740 ಗ್ರಾಂ ಮರಳು ಹಿಡಿಯಿತು, ಆ ಮರಳು ಒಂದು ಘನ ಸೆಂಟಿಮೀಟರಿಗೆ 1.45 ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಭಾಗಿಸಿದರೆ ತಗ್ಗಿನ ಗಾತ್ರ 1,200 ಘನ ಸೆಂಟಿಮೀಟರ್. ತಗ್ಗಿನಿಂದ ತೆಗೆದ ಹಸಿ ಮಣ್ಣು 2,400 ಗ್ರಾಂ ಇತ್ತು. ಅಂದರೆ ಹಸಿ ಸಾಂದ್ರತೆ 2.00. ಆ ಮಣ್ಣಿನಲ್ಲಿ ನೂರಕ್ಕೆ 11ರಷ್ಟು ನೀರಿತ್ತು. ನೀರಿನ ತೂಕ ಬಿಟ್ಟು ಬರೀ ಮಣ್ಣಿನ ತೂಕ ಬೇಕೆಂದರೆ 2.00ನ್ನು 1.11ರಿಂದ ಭಾಗಿಸಬೇಕು. ಸಿಗುವುದು 1.80. ಇದು ಒಣ ಸಾಂದ್ರತೆ.

ಈ 1.80 ಒಳ್ಳೆಯದೋ ಕೆಟ್ಟದ್ದೋ? ಅದನ್ನು ಹೇಳುವುದು ಲ್ಯಾಬು. ಅದೇ ಮಣ್ಣನ್ನು ಲ್ಯಾಬಿನಲ್ಲಿ ಬೇರೆ ಬೇರೆ ಪ್ರಮಾಣದ ನೀರು ಹಾಕಿ ಸುತ್ತಿಗೆಯಿಂದ ಕುಟ್ಟಿ, ಅದು ಹೆಚ್ಚೆಂದರೆ ಎಷ್ಟು ಗಟ್ಟಿಯಾಗುತ್ತದೆ ಎಂದು ಮೊದಲೇ ನೋಡಿರುತ್ತಾರೆ. ರಿಪೋರ್ಟಿನಲ್ಲಿ ಇದನ್ನು ಎಂ.ಡಿ.ಡಿ. ಅನ್ನುತ್ತಾರೆ. ನಮ್ಮ ಲೆಕ್ಕದ ಮಣ್ಣಿನ ಎಂ.ಡಿ.ಡಿ. 1.88 ಎಂದಿಟ್ಟುಕೊಳ್ಳಿ. ಆಗ 1.80 ಅನ್ನುವುದು ಅದರ ಸುಮಾರು 95.8 ಪ್ರತಿಶತ. ಹೆದ್ದಾರಿಗಳಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮ ಪುಸ್ತಕ ಕೇಳುವುದು ಏರಿಯ ಮಣ್ಣಿಗೆ ಕನಿಷ್ಠ 95, ಡಾಂಬರು ರಸ್ತೆಯ ಕೆಳಗೆ ಬರುವ ಮೇಲಿನ ಪದರಕ್ಕೆ ಕನಿಷ್ಠ 97. ಹಳ್ಳಿ ರಸ್ತೆಗಳ ನಿಯಮ ಬೇರೆ ಇದೆ. ಅಲ್ಲಿ ಲ್ಯಾಬಿನ ಸುತ್ತಿಗೆ ಹಗುರ, ಅದಕ್ಕೆ ಕೇಳುವ ಪ್ರತಿಶತ ಹೆಚ್ಚು: ಏರಿಗೆ 97, ಮೇಲಿನ ಪದರಕ್ಕೆ 100. ಹಾಗಾಗಿ ಎರಡು ರಸ್ತೆಗಳ ಪ್ರತಿಶತವನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಮುಂದಿನ ಲೆಕ್ಕದಲ್ಲಿ ನಾವು ಹೆದ್ದಾರಿಯ 95ನ್ನೇ ಹಿಡಿಯುತ್ತೇವೆ.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಮಾತು ಇನ್ನು ಮುಂದಿದೆ.

ಒಂದೇ ತಗ್ಗು ನೋಡಿ ಪದರವನ್ನು ಪಾಸು ಮಾಡುವಂತಿಲ್ಲ. ಏರಿಯಲ್ಲಿ ಪ್ರತಿ 1,000 ಚದರ ಮೀಟರಿಗೆ ಒಂದಾದರೂ ತಗ್ಗು ಬೇಕು, ಒಂದು ಗುಂಪಿನಲ್ಲಿ 6 ತಗ್ಗು ಇರಬೇಕು, ಫಲಿತಾಂಶಗಳು ಬಹಳ ಹೆಚ್ಚುಕಡಿಮೆ ಬಂದರೆ 10 ಬೇಕು ಎನ್ನುತ್ತದೆ ನಿಯಮ. ಈಗ ಎರಡು ಪದರಗಳನ್ನು ನೋಡಿ.

ಮೊದಲ ಪದರದ ಆರು ತಗ್ಗುಗಳ ಫಲಿತಾಂಶ: 95.8, 96.4, 93.9, 97.2, 94.6, 96.1.

ಎರಡನೇ ಪದರದ್ದು: 95.8, 96.0, 95.3, 96.1, 95.5, 95.3.

ಕೂಡಿಸಿ ಆರರಿಂದ ಭಾಗಿಸಿ. ಎರಡರದ್ದೂ ಸರಾಸರಿ 95.67. ಬರೀ ಸರಾಸರಿ ಬರೆದು "95ಕ್ಕಿಂತ ಹೆಚ್ಚು, ಪಾಸ್" ಅಂತ ಸಹಿ ಹಾಕಿದರೆ ಎರಡೂ ಪಾಸು. ಆದರೆ ನಿಯಮದ ಪ್ರಕಾರ ಮೊದಲನೆಯದು ಫೇಲು, ಎರಡನೆಯದು ಪಾಸು.

ಕಾರಣ ಸರಳ. ಲಾರಿಯ ಗಾಲಿ ಸರಾಸರಿಯ ಮೇಲೆ ಓಡುವುದಿಲ್ಲ. 97.2 ಇರುವ ಜಾಗ ಎಷ್ಟೇ ಗಟ್ಟಿಯಿದ್ದರೂ 93.9 ಇರುವ ಜಾಗ ಕೂರುವುದನ್ನು ಅದು ತಡೆಯುವುದಿಲ್ಲ. ಆರು ತಗ್ಗುಗಳಲ್ಲಿ ಎರಡು ಕಡಿಮೆ ಬಂದಿವೆ ಅಂದರೆ, ತೋಡದೇ ಬಿಟ್ಟ ಜಾಗಗಳಲ್ಲಿ ಅಂಥ ಮೆತ್ತನೆಯ ನೆಲ ಇನ್ನೂ ಇರಬಹುದು. ಅದಕ್ಕೇ ನಿಯಮ, ಸರಾಸರಿ 95 ಮುಟ್ಟಿದರೆ ಸಾಲದು, ಫಲಿತಾಂಶಗಳು ಎಷ್ಟು ಚದುರಿವೆಯೋ ಅದಕ್ಕೆ ತಕ್ಕಂತೆ 95ಕ್ಕಿಂತ ಮೇಲೆ ಇರಬೇಕು ಅನ್ನುತ್ತದೆ. ಈ ಚದುರುವಿಕೆಯನ್ನು ಅಳೆಯುವ ಅಂಕಿಗೆ ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದು ಹೆಸರು. ಆರು ತಗ್ಗು ಇದ್ದರೆ ಅದನ್ನು 0.976ರಿಂದ ಗುಣಿಸಿ 95ಕ್ಕೆ ಕೂಡಿಸಬೇಕು. ತಗ್ಗುಗಳು ಹತ್ತಾದರೆ ಈ ಗುಣಕವೂ ಬದಲಾಗುತ್ತದೆ.

ಮೊದಲ ಪದರದ ಚದುರುವಿಕೆ 1.21. ಆದ್ದರಿಂದ ಅದರ ಸರಾಸರಿ 96.18 ಆದರೂ ಇರಬೇಕಿತ್ತು. ಇದ್ದದ್ದು 95.67. ಎರಡನೆಯದರ ಚದುರುವಿಕೆ ಬರೀ 0.35. ಅದಕ್ಕೆ 95.34 ಸಾಕಿತ್ತು, ಹಾಗಾಗಿ ಪಾಸು. ಫೋನಿನ ಶೀಟ್ ಆ್ಯಪಿನಲ್ಲಿ ಆರು ಅಂಕಿಗಳನ್ನು A1ರಿಂದ A6ರವರೆಗೆ ತುಂಬಿ, ಪಕ್ಕದ ಮನೆಯಲ್ಲಿ ಇದನ್ನು ಹಾಕಿ ನೋಡಿ:

```
=AVERAGE(A1:A6)-95-0.976*STDEV(A1:A6)
```

ಉತ್ತರ ಸೊನ್ನೆ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾಸು, ಮೈನಸ್ ಬಂದರೆ ಫೇಲು. ಮೊದಲ ಪದರಕ್ಕೆ ಮೈನಸ್ 0.52 ಬರುತ್ತದೆ. ಹಳ್ಳಿ ರಸ್ತೆಯ ರಿಪೋರ್ಟಿಗೆ ಈ ಸೂತ್ರ ಹಾಕಬೇಡಿ.

ಫೇಲಾದರೆ ಏರಿಯನ್ನೆಲ್ಲ ಕಿತ್ತು ಹಾಕಬೇಕೆಂದಿಲ್ಲ. ಮೆತ್ತನೆಯ ಜಾಗಕ್ಕೆ ಮತ್ತೆ ರೋಲರ್ ಓಡಿಸಬೇಕು. ಆಗಲೂ ಗಟ್ಟಿಯಾಗದಿದ್ದರೆ ಆ ಮಣ್ಣು ತೆಗೆದು ಬೇರೆ ಒಳ್ಳೆಯ ಮಣ್ಣು ಹಾಕಬೇಕು. ಪದರ ಪಾಸಾಗುವ ಮುಂಚೆ ಅದರ ಮೇಲೆ ಇನ್ನೊಂದು ಪದರ ಹಾಕುವಂತಿಲ್ಲ. ಹಾಕಿಬಿಟ್ಟರೆ ಮೆತ್ತನೆಯ ಜಾಗ ಒಳಗೇ ಉಳಿದು, ಮುಂದಿನ ಮಳೆಗಾಲದಲ್ಲಿ ಮೇಲೆ ತಗ್ಗಾಗಿ ಕಾಣಿಸುತ್ತದೆ.

ರಿಪೋರ್ಟಿನಲ್ಲಿ ನೋಡಬೇಕಾದ ಇನ್ನೊಂದು ಮಾತು ಮಣ್ಣಿನದು. ನಮ್ಮ ಕಡೆ ಒಂದೇ ರಸ್ತೆಗೆ ಗುಡ್ಡದ ಗರಸೂ ಬರಬಹುದು, ಹೊಲದ ಬದಿಯ ಎರಿ ಮಣ್ಣೂ ಬರಬಹುದು. ಪ್ರತಿ ಮಣ್ಣಿಗೂ ಎಂ.ಡಿ.ಡಿ. ಬೇರೆ. ಟಿಪ್ಪರ್ ಬೇರೆ ಗುಡ್ಡದಿಂದ ದಪ್ಪ ಗರಸು ತಂದಿತು, ಅದರ ನಿಜವಾದ ಎಂ.ಡಿ.ಡಿ. 2.00 ಇತ್ತು, ರಿಪೋರ್ಟಿನಲ್ಲಿ ಮಾತ್ರ ಹಳೆಯ 1.88 ಉಳಿಯಿತು ಎಂದುಕೊಳ್ಳಿ. ತಗ್ಗಿನಲ್ಲಿ 1.83 ಬಂದರೆ ಕಾಗದದ ಮೇಲೆ 97.3 ಪ್ರತಿಶತ, ನಿಜದಲ್ಲಿ 91.5. ಯಾರೂ ಸುಳ್ಳು ತೂಕ ಬರೆದಿಲ್ಲ, ಭಾಗಿಸಿದ ಅಂಕಿ ಮಾತ್ರ ಬೇರೆ ಮಣ್ಣಿನದು. ರಿಪೋರ್ಟಿನಲ್ಲಿ 103, 104 ಪ್ರತಿಶತ ಕಂಡರೆ ಖುಷಿಪಡುವ ಮೊದಲು "ಈ ಎಂ.ಡಿ.ಡಿ. ಯಾವ ಗುಡ್ಡದ ಮಣ್ಣಿಂದ್ರೀ?" ಎಂದು ಕೇಳಿ. ಉಬ್ಬಿ ಕುಗ್ಗುವ ಎರಿ ಮಣ್ಣನ್ನಂತೂ ಹೆದ್ದಾರಿಯ ಮೇಲಿನ ಪದರಕ್ಕಾಗಲಿ, ಅದರ ಕೆಳಗಿನ ಅರ್ಧ ಮೀಟರಿಗಾಗಲಿ ಹಾಕುವಂತೆಯೇ ಇಲ್ಲ.

ತಗ್ಗು ಎಲ್ಲಿ ತೋಡಿದರು ಅನ್ನುವುದೂ ಮುಖ್ಯ. ರೋಲರ್ ಹತ್ತು ಸಲ ಓಡಿದ ನಡುರಸ್ತೆಯಲ್ಲೇ ಆರೂ ತಗ್ಗು ತೋಡಿದರೆ ಎಲ್ಲವೂ ಪಾಸಾಗುತ್ತವೆ. ಏರಿಯ ಅಂಚಿಗೆ ರೋಲರ್ ಹೋಗಲು ಚಾಲಕ ಹೆದರುತ್ತಾನೆ. ಸೇತುವೆಯ ಗೋಡೆಯ ಹಿಂದೆ ದೊಡ್ಡ ರೋಲರ್ ಹಿಡಿಯುವುದೇ ಇಲ್ಲ, ಅಲ್ಲಿ ಸಣ್ಣ ಕುಟ್ಟುವ ಯಂತ್ರ ಬೇಕು. ಗಾಡಿ ಧಡ್ ಅನ್ನುವುದು ಇದೇ ಜಾಗದಲ್ಲಿ. ಜಾಗವನ್ನು ಚೀಟಿ ಎತ್ತಿದಂತೆ ಆರಿಸಬೇಕು, ಬೇಕಾದಲ್ಲಿ ತೋಡುವಂತಿಲ್ಲ ಎಂದು ನಿಯಮವೇ ಹೇಳುತ್ತದೆ.

ಈ ಪರೀಕ್ಷೆಗೂ ಒಂದು ಮಿತಿ ಇದೆ. ಏರಿಯ ಕೆಳಗಿನ ಹಳೆಯ ನೆಲ ಕುಸಿದರೆ, ಹೊಳೆ ಬದಿಯಿಂದ ಮಣ್ಣು ಕೊರೆದರೆ, ಅದನ್ನು ಈ ಹಾಳೆ ಹೇಳುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ನೀರಿನ ಮುಂದೆ ಗಟ್ಟಿ ಮಣ್ಣೂ ಸೋಲಬಹುದು. ಆದರೆ ಹೊಳೆ ಬರುವ ಮೊದಲೇ ಮೆತ್ತಗಿದ್ದ ಏರಿಯ ತಪ್ಪನ್ನು ಹೊಳೆಯ ಮೇಲೆ ಹಾಕುವುದು ನ್ಯಾಯವಲ್ಲ. ಯಾವುದು ಹೊಳೆಯ ಕೆಲಸ, ಯಾವುದು ರೋಲರಿನ ಕೆಲಸ ಎಂದು ಬೇರ್ಪಡಿಸಲು ಪದರ ಪದರದ ರಿಪೋರ್ಟ್ ಬೇಕು.

ಹಾಗಾಗಿ ನಾವು ಕೇಳುವುದು ಇಷ್ಟು. ಕಾಮಗಾರಿಯ ಬೋರ್ಡಿನಲ್ಲಿ ಹಣ, ಅವಧಿ ಬರೆದ ಹಾಗೆ, ಏರಿಯ ಪ್ರತಿ ಪದರದ ಆರೂ ಫಲಿತಾಂಶಗಳನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ತಗ್ಗು ತೋಡಿದ ಜಾಗ, ಎಂ.ಡಿ.ಡಿ., ಅದು ಯಾವ ಮಣ್ಣಿನದು ಅನ್ನುವುದು ಜೊತೆಗಿರಬೇಕು. ಬರೀ ಸರಾಸರಿ ಬೇಡ.

ಹಚ್ಚುವವರೆಗೆ ಕಾಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದದ ನಕಲು ಅಷ್ಟೇ ಅಲ್ಲ, ನಡೆಯುತ್ತಿರುವ ಕಾಮಗಾರಿಯನ್ನು ನೋಡುವ ಮತ್ತು ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ "ಪರೀಕ್ಷಾ ವರದಿ ಕೊಡಿ" ಎಂದಷ್ಟೇ ಬರೆಯಬೇಡಿ. "ಇಂಥ ಕಿಲೋಮೀಟರಿನಿಂದ ಇಂಥ ಕಿಲೋಮೀಟರಿನವರೆಗೆ, ಏರಿಯ ಪ್ರತಿ ಪದರದ ಪ್ರತಿ ತಗ್ಗಿನ ಸಾಂದ್ರತೆ, ನೀರಿನಂಶ ಮತ್ತು ಸಂಬಂಧಿಸಿದ ಲ್ಯಾಬ್ ವರದಿ" ಎಂದು ಬರೆಯಿರಿ. ಬಂದ ಹಾಳೆಯ ಅಂಕಿಗಳನ್ನು ಫೋನಿಗೆ ತುಂಬಿ. ಡಾಂಬರು ಬೀಳುವ ಮೊದಲೇ ಕೇಳಿದರೆ ಒಳ್ಳೆಯದು, ಆಗ ತಿದ್ದಲು ಒಂದು ರೋಲರ್ ಸಾಕಾಗುತ್ತದೆ.